ವಾಲಿದ ಪುಸ್ತಕ, ಮುಚ್ಚಿದ ಒತ್ತು

ಎಸ್.ಎಲ್. ಭೈರಪ್ಪನವರ ‘ಪರ್ವ’ ಕಪಾಟಿನ ಫೋಟೊದಲ್ಲಿ ‘ಪವ’ ಆಗಿಬಿಡಲು ಒಂದು ಸಣ್ಣ ಚೀಟಿ ಸಾಕು. ಅರ್ಕಾವತ್ತನ್ನು ಉಚ್ಚರಿಸುವುದು ‘ವ’ಕ್ಕೆ ಮೊದಲು, ಬರೆಯುವುದು ‘ವ’ ಆದ ಮೇಲೆ. ಹೀಗಾಗಿ ಆ ಹೆಸರಿನ ಕಟ್ಟಕಡೆಯ ಗುರುತೇ ಅರ್ಕಾವತ್ತು. ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ನಂಬರಿನ ಚೀಟಿ ಅಷ್ಟನ್ನು ಮಾತ್ರ ನುಂಗಿದರೆ ಉಳಿಯುವುದು ‘ಪವ’. ಕನ್ನಡ ಓದಿ ಬೆಳೆದವರು ಅದನ್ನು ನೋಡಿದ ತಕ್ಷಣ ‘ಪರ್ವ’ ಎಂದು ಬರೆದುಕೊಳ್ಳುತ್ತಾರೆ. ಬರೆದದ್ದು ಸರಿಯೇ. ಆದರೆ ಅವರು ಅದನ್ನು ಓದಲಿಲ್ಲ, ಮೊದಲೇ ಗೊತ್ತಿದ್ದದ್ದನ್ನು ಬರೆದರು. ಪುಸ್ತಕಗಳ ಸಾಲನ್ನು ಫೋಟೊ ತೆಗೆದು ಹೆಸರು, ಲೇಖಕರ ಪಟ್ಟಿ ಮಾಡುವವರಿಗೆ ದೊಡ್ಡ ತಲೆನೋವು ಇದೇ: ಕಂಡದ್ದು ಯಾವುದು, ಊಹಿಸಿದ್ದು ಯಾವುದು?

ಮನೆ ಬದಲಾಯಿಸುವ ಮೊದಲು, ಅಜ್ಜನ ಪುಸ್ತಕಗಳನ್ನು ಮೊಮ್ಮಕ್ಕಳು ಹಂಚಿಕೊಳ್ಳುವಾಗ, ಊರಿನ ವಾಚನಾಲಯಕ್ಕೆ ಯಾರೋ ದಾನ ಕೊಟ್ಟಾಗ ಇಂಥ ಪಟ್ಟಿ ಬೇಕಾಗುತ್ತದೆ. ಒಂದೊಂದೇ ಪುಸ್ತಕ ಕೆಳಗಿಳಿಸಿ ಮುಖಪುಟ ನೋಡಿ ಬರೆಯಲು ಹೊರಟರೆ ವಾರ ಹಿಡಿಯುತ್ತದೆ. ಫೋಟೊ ತೆಗೆಯುವುದು ಅರ್ಧ ಗಂಟೆಯ ಕೆಲಸ. ಉಳಿಸಿದ ಆ ಸಮಯವನ್ನೆಲ್ಲ ಆಮೇಲೆ ಮಬ್ಬು ಅಕ್ಷರಗಳ ಮುಂದೆ ಕೂತು ಕಳೆಯಬೇಕೇ ಬೇಡವೇ ಎನ್ನುವುದು ಫೋಟೊ ತೆಗೆಯುವಾಗಲೇ ತೀರ್ಮಾನವಾಗಿರುತ್ತದೆ.

ಲೆಕ್ಕ ಸರಳ. ಸಾಧಾರಣ ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊದ ಅಗಲ ಸುಮಾರು 4,000 ಪಿಕ್ಸೆಲ್. 90 ಸೆಂಟಿಮೀಟರ್ ಉದ್ದದ ಇಡೀ ಹಲಗೆಯನ್ನು ಒಂದೇ ಫೋಟೊದಲ್ಲಿ ಹಿಡಿದರೆ ಒಂದು ಮಿಲಿಮೀಟರಿಗೆ ಸಿಗುವುದು ನಾಲ್ಕೂವರೆ ಪಿಕ್ಸೆಲ್. ಬೆನ್ನಿನ ಮೇಲಿನ ಅಕ್ಷರದ ಎತ್ತರ ನಾಲ್ಕು ಮಿಲಿಮೀಟರ್ ಇದ್ದರೆ ಅದರ ಪಾಲಿಗೆ ಬರುವುದು 18 ಪಿಕ್ಸೆಲ್. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಅಷ್ಟು ಹೇಗೋ ಸಾಕಾದೀತು. ಕನ್ನಡದಲ್ಲಿ ಅದೇ ಎತ್ತರದೊಳಗೆ ತಲೆಕಟ್ಟೂ ಇರಬೇಕು, ಮೈಯೂ ಇರಬೇಕು, ಕೆಳಗೆ ಒತ್ತೂ ಇರಬೇಕು. ಒತ್ತಿಗೆ ಐದಾರು ಪಿಕ್ಸೆಲ್ ಉಳಿದರೆ ಅದು ಬರಿಯ ಚುಕ್ಕೆ. ಅದೇ ಹಲಗೆಯನ್ನು 30 ಸೆಂಟಿಮೀಟರಿನ ಮೂರು ತುಂಡಾಗಿ ತೆಗೆದರೆ ಅಕ್ಷರಕ್ಕೆ 50ಕ್ಕೂ ಹೆಚ್ಚು ಪಿಕ್ಸೆಲ್ ದೊರೆತು ‘ತ’ ಒತ್ತು ‘ನ’ ಒತ್ತಿನಿಂದ ಬೇರೆಯಾಗಿ ಕಾಣುತ್ತದೆ. ಪ್ರತಿ ತುಂಡಿನಲ್ಲೂ ಹಿಂದಿನ ತುಂಡಿನ ಕೊನೆಯ ಎರಡು ಪುಸ್ತಕ ಮತ್ತೆ ಬರುವಂತೆ ನೋಡಿಕೊಂಡರೆ ಜೋಡಿಸುವಾಗ ನಡುವೆ ಯಾವುದೂ ಕಳೆದುಹೋಗುವುದಿಲ್ಲ.

ಇನ್ನು ಕತ್ತು ಎತ್ತ ವಾಲಿಸಬೇಕು ಎಂಬ ಪ್ರಶ್ನೆ. ಇಂಗ್ಲಿಷ್ ಪುಸ್ತಕಗಳ ಬೆನ್ನಿನಲ್ಲಿ ಹೆಸರು ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಫ್ರಾನ್ಸಿನಲ್ಲಿ ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕನ್ನಡದ ಕಪಾಟಿನ ಮುಂದೆ ನಿಂತವರು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಲೆ ಆಡಿಸುತ್ತಲೇ ಇರಬೇಕಾಗುತ್ತದೆ. ಕೆಲವು ಇಳಿಯುತ್ತವೆ, ಕೆಲವು ಏರುತ್ತವೆ, ಕೆಲವರು ಅಕ್ಷರದ ಕೆಳಗೆ ಅಕ್ಷರ ಪೇರಿಸಿರುತ್ತಾರೆ, ದಪ್ಪ ಪುಸ್ತಕವಾದರೆ ಅಡ್ಡಡ್ಡಲಾಗಿಯೇ ಅಚ್ಚುಹಾಕಿರುತ್ತಾರೆ. ಆದ್ದರಿಂದ ಇಡೀ ಫೋಟೊವನ್ನು ಒಂದೇ ಸಲ ತಿರುಗಿಸಿ ಓದುತ್ತೇನೆಂದರೆ ಆಗುವುದಿಲ್ಲ. ಒಂದೊಂದು ಬೆನ್ನನ್ನೂ ಬೇರೆಯಾಗಿ ಕತ್ತರಿಸಿ, ಅದಕ್ಕೆ ಬೇಕಾದಷ್ಟೇ ತಿರುಗಿಸಬೇಕು.

ವಾಲಿದ ಪುಸ್ತಕದಲ್ಲಿ ಇದು ಇನ್ನೂ ಮುಖ್ಯ. ನೇರ ನಿಂತ ಪುಸ್ತಕದ ಬೆನ್ನು 90 ಡಿಗ್ರಿ ತಿರುಗಿಸಿದರೆ ಮಟ್ಟಸವಾಗುತ್ತದೆ. 15 ಡಿಗ್ರಿ ವಾಲಿದ್ದಕ್ಕೆ, ವಾಲಿದ ದಿಕ್ಕು ನೋಡಿಕೊಂಡು, 75 ಅಥವಾ 105 ಡಿಗ್ರಿ ಬೇಕು. ಅದನ್ನೂ 90ಕ್ಕೇ ತಿರುಗಿಸಿದರೆ ಹತ್ತು ಸೆಂಟಿಮೀಟರ್ ಉದ್ದದ ಹೆಸರು ಕೊನೆ ಮುಟ್ಟುವಷ್ಟರಲ್ಲಿ ಎರಡೂವರೆ ಸೆಂಟಿಮೀಟರಿಗೂ ಹೆಚ್ಚು ಜಾರಿ ಪಕ್ಕದ ಪುಸ್ತಕದ ಜಾಗಕ್ಕೆ ನುಗ್ಗಿರುತ್ತದೆ. ಒಬ್ಬರ ಕಾದಂಬರಿಗೆ ಇನ್ನೊಬ್ಬರ ಹೆಸರು ತಗಲಿಕೊಳ್ಳುವುದು ಹೀಗೆಯೇ. ಪಟ್ಟಿಯಲ್ಲಿ ಯಾವುದು ಮೊದಲು, ಯಾವುದು ನಂತರ ಎನ್ನುವುದನ್ನೂ ಪುಸ್ತಕದ ತಲೆ ನೋಡಿ ಹೇಳಬಾರದು. ಬುಡ ಹಲಗೆಯನ್ನು ಎಲ್ಲಿ ಮುಟ್ಟಿದೆಯೋ ಅದೇ ಅದರ ಸ್ಥಾನ.

ಬೆನ್ನುಗಳ ಅಂಚು ಹುಡುಕುವ ಕೆಲಸವನ್ನು ತಂತ್ರಾಂಶ ಮಾಡುವ ಬಗೆ ಒಂದು ಚುನಾವಣೆಯಂತಿದೆ. ಚಿತ್ರದಲ್ಲಿ ಬಣ್ಣ ಥಟ್ಟನೆ ಬದಲಾಗುವ ಪ್ರತಿ ಬಿಂದುವೂ ತನ್ನ ಮೂಲಕ ಹಾದುಹೋಗಬಹುದಾದ ಗೆರೆಗಳಿಗೆಲ್ಲ ಒಂದೊಂದು ಮತ ಹಾಕುತ್ತದೆ. ಹೆಚ್ಚು ಮತ ಬಿದ್ದ ಉದ್ದ ಗೆರೆ ಅಂಚೆಂದು ಗೆಲ್ಲುತ್ತದೆ. ಇದಕ್ಕೆ ಹಫ್ ವಿಧಾನ ಎನ್ನುತ್ತಾರೆ. ಪಾಲ್ ಹಫ್ 1962ರಲ್ಲಿ ಇದರ ಪೇಟೆಂಟ್ ಪಡೆದರು. ಗೆದ್ದ ಗೆರೆಯ ಓರೆಯೇ ಪುಸ್ತಕದ ಓರೆ. ಆದರೆ ಬೆನ್ನಿನ ಮೇಲೆ ಅಲಂಕಾರಕ್ಕೆಂದು ಎಳೆದ ಉದ್ದ ಪಟ್ಟೆಯೂ ಗೆದ್ದುಬಿಡುತ್ತದೆ, ಒಂದು ಪುಸ್ತಕ ಎರಡಾಗುತ್ತದೆ. ಒಂದೇ ಬಣ್ಣದ ಸಂಪುಟಗಳು ಒತ್ತಿ ನಿಂತಿದ್ದರೆ ಅಂಚಿಗೆ ಮತವೇ ಬೀಳದೆ ಎರಡು ಒಂದಾಗುತ್ತವೆ. ಸಾಲಿನಲ್ಲಿ ಎಷ್ಟು ಪುಸ್ತಕವಿದೆ ಎಂದು ಬೆರಳಿಟ್ಟು ಎಣಿಸಿ ಮೊದಲೇ ಬರೆದಿಟ್ಟುಕೊಂಡವರಿಗೆ ಮಾತ್ರ ಈ ತಪ್ಪು ತಕ್ಷಣ ಗೊತ್ತಾಗುತ್ತದೆ.

ಮರೆಯಾದ ಅಕ್ಷರದ ವಿಷಯಕ್ಕೆ ಬಂದರೆ ಕನ್ನಡಕ್ಕೆ ಅದರದೇ ಸ್ವಭಾವವಿದೆ. ಗುಡಿಸು, ಏತ್ವ ಇರುವುದು ಅಕ್ಷರದ ತಲೆಯಲ್ಲಿ. ಒತ್ತಕ್ಷರ ಇರುವುದು ಪಾದದಲ್ಲಿ. ‘ದ’ವನ್ನು ‘ಧ’, ‘ಬ’ವನ್ನು ‘ಭ’ ಮಾಡುವ ಹೊಟ್ಟೆಯ ಸೀಳೂ ಕೆಳಗೇ. ತಲೆ ಮುಚ್ಚಿದರೆ ‘ಬೆ’ ‘ಬ’ ಆಗುತ್ತದೆ, ಪಾದ ಮುಚ್ಚಿದರೆ ‘ಬೆಟ್ಟದ ಜೀವ’ ‘ಬೆಟದ ಜೀವ’ ಆಗುತ್ತದೆ. ಮೇಲಿನಿಂದ ಕೆಳಗೆ ಇಳಿಯುವ ಹೆಸರಿನಲ್ಲಿ ಅಕ್ಷರಗಳ ತಲೆ ಕಪಾಟಿನ ಬಲಕ್ಕೆ, ಪಾದ ಎಡಕ್ಕೆ ಇರುತ್ತದೆ. ಬಲಗಡೆಯ ದಪ್ಪ ನಿಘಂಟು ಮುಂದೆ ಚಾಚಿಕೊಂಡಿದ್ದು, ಫೋಟೊ ತೆಗೆದವರೂ ಬಲಕ್ಕೆ ಸರಿದು ನಿಂತಿದ್ದರೆ ನಷ್ಟವಾಗುವುದು ಗುಣಿತ. ಎಡಕ್ಕೆ ನಿಂತು, ಎಡಗಡೆಯ ಪುಸ್ತಕ ಚಾಚಿದ್ದರೆ ನಷ್ಟ ಒತ್ತಿನದು. ಏರುವ ಹೆಸರಾದರೆ ಎಲ್ಲವೂ ತಿರುವುಮುರುವು. ಇಷ್ಟು ತಿಳಿದವರು ‘ಬೆಟದ’ ಎಂದು ಕಂಡಾಗ ತಲೆ ಕೆರೆದುಕೊಳ್ಳುವುದಿಲ್ಲ. ಎರಡು ಹೆಜ್ಜೆ ಬಲಕ್ಕೆ ಸರಿದು ಇನ್ನೊಂದು ಫೋಟೊ ತೆಗೆಯುತ್ತಾರೆ.

ಆದರೆ ಚೀಟಿಯನ್ನೋ ಅಂಟುಪಟ್ಟಿಯನ್ನೋ ಹೆಜ್ಜೆ ಸರಿದು ದಾಟಲಾಗದು. ಒಂದು ಹಳೆಯ ಪುಸ್ತಕವನ್ನು ಕಲ್ಪಿಸಿಕೊಳ್ಳೋಣ. ಬೈಂಡು ಹರಿದ ಕಡೆ ಯಾರೋ ಬಲ ಅಂಚಿನುದ್ದಕ್ಕೂ ಕಂದು ಟೇಪು ಎಳೆದಿದ್ದಾರೆ. ಹೆಸರು ಮೇಲಿನಿಂದ ಇಳಿಯುತ್ತದೆ. ‘ಮಹಾ’ ಸ್ಪಷ್ಟವಾಗಿದೆ, ಮುಂದಿನ ಮೂರು ಅಕ್ಷರಗಳ ತಲೆ, ಮೈ ಟೇಪಿನಡಿ ಹೋಗಿವೆ. ಬುಡದಲ್ಲಿ ಸಣ್ಣಕ್ಷರದಲ್ಲಿ ‘ದೇವುಡು’ ಎಂದು ಕಾಣುತ್ತದೆ. ದೇವುಡು ನರಸಿಂಹಶಾಸ್ತ್ರಿಗಳ ಹೆಸರುವಾಸಿ ಕಾದಂಬರಿಗಳಲ್ಲಿ ಮೂರು ‘ಮಹಾ’ದಿಂದ ಶುರುವಾಗುತ್ತವೆ: ಮಹಾಬ್ರಾಹ್ಮಣ, ಮಹಾಕ್ಷತ್ರಿಯ, ಮಹಾದರ್ಶನ. ಹೆಸರಿನ ಉದ್ದ ಅಳೆಯೋಣ ಎಂದರೆ ಮೂರಕ್ಕೂ ಐದೈದು ಅಕ್ಷರ! ಇಲ್ಲಿ ನೆರವಿಗೆ ಬರುವುದು ಟೇಪು ಬಿಟ್ಟುಕೊಟ್ಟ ಎಡ ಅಂಚು, ಅಂದರೆ ಅಕ್ಷರಗಳ ಪಾದ. ‘ಮಹಾದರ್ಶನ’ಕ್ಕೆ ಕೆಳಗೆ ಒತ್ತೇ ಇಲ್ಲ, ಅದರ ಅರ್ಕಾವತ್ತು ಸಾಲಿನಲ್ಲೇ ನಿಲ್ಲುತ್ತದೆ. ಪಾದದಲ್ಲಿ ಎರಡು ಒತ್ತು ಇಣುಕಿದರೆ ಅದು ಪಟ್ಟಿಯಿಂದ ಹೊರಗೆ. ಉಳಿದೆರಡರಲ್ಲಿ ‘ರ’ ಒತ್ತಿನ ಕೊಕ್ಕೆ ಎಲ್ಲಿದೆ ಎಂದು ನೋಡಬೇಕು. ಮೂರನೆಯ ಅಕ್ಷರದಡಿ ಇದ್ದರೆ ‘ಬ್ರಾ’, ನಾಲ್ಕನೆಯದರಡಿ ಇದ್ದರೆ ‘ತ್ರಿ’. ಕೊಕ್ಕೆ ನಾಲ್ಕನೆಯ ಜಾಗದಲ್ಲಿದೆ ಎಂದಾದರೆ ಪುಸ್ತಕ ಮಹಾಕ್ಷತ್ರಿಯ. ಇದು ಊಹೆಯಲ್ಲ, ಅರ್ಧ ಕಂಡದ್ದರಿಂದ ಮಾಡಿದ ನಿರ್ಣಯ. ಇನ್ನು ಟೇಪು ಪಾದವನ್ನೂ ಮುಚ್ಚಿದ್ದರೆ, ಯಾವುದು ಹೆಚ್ಚು ಪ್ರಸಿದ್ಧವೋ ಅದನ್ನು ಬರೆಯುವ ಆಸೆ ಬಂದೀತು. ಆಗ ‘ಮಹಾ…’ ಎಂದಷ್ಟೇ ಬರೆದು ನಿಲ್ಲಿಸುವುದು ಮರ್ಯಾದೆ.

ಆ ಆಸೆ ತಂತ್ರಾಂಶಕ್ಕೂ ಇದೆ. ಮುದ್ರಿತ ಅಕ್ಷರ ಗುರುತಿಸುವ ‘ಟೆಸರಾಕ್ಟ್’ ಎಂಬ ಉಚಿತ ತಂತ್ರಾಂಶಕ್ಕೆ `kan` ಎಂಬ ಸಂಕೇತ ಕೊಟ್ಟರೆ ಕನ್ನಡ ಓದುತ್ತದೆ. ತಲೆಕೆಳಗಾದ ಬೆನ್ನನ್ನು ಕೊಟ್ಟರೆ ಅದು ಹಿಂಜರಿಯದೆ ಯಾವುದೋ ಅಕ್ಷರಗಳ ಸರಮಾಲೆ ಹೊರಹಾಕುತ್ತದೆ; ಸೊನ್ನೆಗೂ ಅನುಸ್ವಾರಕ್ಕೂ ಗೊಂದಲ ಮಾಡಿಕೊಳ್ಳುತ್ತದೆ. ಈ ತಪ್ಪು ಕಣ್ಣಿಗೆ ರಾಚುವುದರಿಂದ ಅಷ್ಟು ಅಪಾಯವಿಲ್ಲ. ಅಪಾಯವಿರುವುದು ಚಿತ್ರ ನೋಡಿ ವಾಕ್ಯವನ್ನೇ ಬರೆಯುವ ಹೊಸ ಕಾಲದ ತಂತ್ರಾಂಶಗಳಲ್ಲಿ. ಅವು ಲೇಖಕರ ಹೆಸರು ಕಂಡರೆ ಕೃತಿಯನ್ನು ತಾವೇ ತುಂಬಿಬಿಡಬಲ್ಲವು, ಅದೂ ಕಾಗುಣಿತದ ಒಂದು ತಪ್ಪಿಲ್ಲದೆ. ಪರೀಕ್ಷಿಸಲು ಉಪಾಯವಿದೆ: ಲೇಖಕರ ಹೆಸರಿನ ಭಾಗವನ್ನು ಕತ್ತರಿಸಿ, ಹೆಸರಿನ ತುಂಡನ್ನು ಮಾತ್ರ ಮತ್ತೆ ಓದಿಸುವುದು. ಉತ್ತರ ಬದಲಾದರೆ ಮೊದಲು ಬಂದದ್ದು ಓದಲ್ಲ, ಊಹೆ.

ಓದುವ ಗೋಜೇ ಬೇಡ ಎಂದು ಹೊರಟವರೂ ಇದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬರ್ನ್ಡ್ ಗಿರೋಡ್ ಮತ್ತು ಜೊತೆಗಾರರು 2010ರಲ್ಲಿ, ಮೊಬೈಲಿನಲ್ಲಿ ಹಿಡಿದ ಬೆನ್ನಿನ ಚಿತ್ರವನ್ನು ಮೊದಲೇ ಸಂಗ್ರಹಿಸಿಟ್ಟ ಬೆನ್ನುಗಳ ಚಿತ್ರಗಳ ಜೊತೆ ಹೋಲಿಸಿ ಪುಸ್ತಕ ಗುರುತಿಸುವ ದಾರಿ ತೋರಿಸಿದರು. ಅರ್ಧ ಮುಚ್ಚಿದ್ದರೂ ಉಳಿದ ಬಣ್ಣ, ವಿನ್ಯಾಸ ಸಾಕಾಗಬಹುದು. ಆದರೆ ಮರುಮುದ್ರಣಕ್ಕೊಂದು ಮುಖಪುಟ, ಪ್ರಕಾಶಕರಿಗೊಂದು ವೇಷ ಹಾಕುವ ಕನ್ನಡ ಪುಸ್ತಕಗಳ ಬೆನ್ನುಗಳನ್ನೆಲ್ಲ ಮೊದಲು ಯಾರಾದರೂ ಸಂಗ್ರಹಿಸಿಡಬೇಕಲ್ಲ!

ಬರೆದಿಡುವ ಕ್ರಮಕ್ಕೆ ಮಾತ್ರ ಹಳಬರ ಬಳಿಯೇ ಹೋಗಬೇಕು. ಒಡೆದ ಕಲ್ಲು, ಹರಿದ ಓಲೆ ಓದುವ ವಿದ್ವಾಂಸರು 1931ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಸೇರಿ ಕೆಲವು ಚಿಹ್ನೆಗಳನ್ನು ಒಪ್ಪಿಕೊಂಡರು: ಅಳಿದುಹೋದದ್ದನ್ನು ತಾವು ತುಂಬಿಸಿದರೆ ಚೌಕ ಕಂಸದೊಳಗೆ, ಮಸುಕಾಗಿ ಕಂಡ ಅಕ್ಷರವಾದರೆ ಅದರಡಿ ಚುಕ್ಕೆ. ಕಪಾಟಿನ ಪಟ್ಟಿಗೆ ಕಂಸವೊಂದು ಸಾಕು. ಟೇಪಿನಡಿಯ ಪುಸ್ತಕ ‘ಮಹಾ[ಕ್ಷತ್ರಿಯ]’ ಆಗುತ್ತದೆ, ಮೊದಲಿನದು ‘ಪ[ರ್]ವ’ ಆಗುತ್ತದೆ. ಲೇಖಕರಿಗೆ ಎರಡು ಅಂಕಣ ಒಳ್ಳೆಯದು. ಮೊದಲನೆಯದರಲ್ಲಿ ಬೆನ್ನಿನ ಮೇಲೆ ಇದ್ದಂತೆ: ಒಂದರಲ್ಲಿ ‘ಶಿವರಾಮ ಕಾರಂತ’, ಇನ್ನೊಂದರಲ್ಲಿ ‘ಡಾ. ಕೆ. ಶಿವರಾಮ ಕಾರಂತ’, ಮತ್ತೊಂದರಲ್ಲಿ ಬರಿಯ ‘…ಕಾರಂತ’. ಎರಡನೆಯದರಲ್ಲಿ ನಿಶ್ಚಯವಾದ ಒಂದೇ ರೂಪ. ಮೂರನೆಯ ಬೆನ್ನಿಗೆ ಈ ಅಂಕಣ ಸದ್ಯಕ್ಕೆ ಖಾಲಿ ಇರಬೇಕು, ಬಿ.ವಿ. ಕಾರಂತರ ಹೆಸರೂ ಹಾಗೆಯೇ ಮುಗಿಯುತ್ತದೆ.

ಪ್ರತಿ ಸಾಲಿನಲ್ಲೂ ಯಾವ ಫೋಟೊಗೂ ಬಗ್ಗದ ಕೆಲವು ಉಳಿಯುತ್ತವೆ. ಎರಡು ದಪ್ಪ ಸಂಪುಟಗಳ ನಡುವೆ ಹಿಂದಕ್ಕೆ ಸರಿದು ನೆರಳಾದವು, ವಾಲಿದ ಪುಸ್ತಕದ ಬುಡದ ತ್ರಿಕೋನದಲ್ಲಿ ಜಾರಿ ಬಿದ್ದವು, ಪಿನ್ನು ಹೊಡೆದ ನಲವತ್ತು ಪುಟದ ಕವನಸಂಕಲನಗಳು. ಈ ಕೊನೆಯವಕ್ಕೆ ಬೆನ್ನೇ ಇಲ್ಲ, ಹೆಸರೆಲ್ಲಿಂದ ಬರಬೇಕು? ಪಟ್ಟಿಯಲ್ಲಿ ಅವುಗಳ ಜಾಗದಲ್ಲಿ ‘17: ತೆಳು, ನೀಲಿ ಅಂಚು, ಅಕ್ಷರವಿಲ್ಲ’ ಎಂದು ಬರೆದಿಟ್ಟು, ಎಲ್ಲ ಮುಗಿದ ಮೇಲೆ ಸ್ಟೂಲು ಹತ್ತಿ ಹದಿನೇಳನೆಯದನ್ನು ಕೈಯಿಂದಲೇ ಎಳೆದು ನೋಡಬೇಕು.