ಗಾಡಿ ಆವರೇಜ್ ಎಷ್ಟ ಕೊಡತೈತಿ?

ಕರೋಶಿಯಿಂದ ಚಿಕ್ಕೋಡಿಗೆ ದಿನಾ ಬೈಕ್ ಮೇಲೆ ಕಾಲೇಜಿಗೆ ಬರೋ ನಮ್ಮಂಥವರಿಗೆ ಎಲ್ಲಾರೂ ಕೇಳೋ ಪ್ರಶ್ನೆ ಇದು. ಉತ್ತರ ಮಾತ್ರ ಬರೀ ಅಂದಾಜು. ಹಂಗಾಗಿ ಆವರೇಜ್ ಹೆಚ್ಚಿಸೋ ಮೊದಲು ಅದನ್ನ ಸರಿಯಾಗಿ ಅಳೆಯೋದು ಹೆಂಗ ಅಂತ ನೋಡೋಣ.

ಟ್ಯಾಂಕ್ ಫುಲ್ ಮಾಡಿಸಿ ಓಡೋಮೀಟರ್ ಬರೆದಿಟ್ಟುಕೊಳ್ಳಿ. ಟ್ಯಾಂಕ್ ಬಹುಪಾಲು ಖಾಲಿಯಾದ ಮೇಲೆ ಅದೇ ಪಂಪ್‌ನಲ್ಲಿ, ಗಾಡಿಯನ್ನ ಮತ್ತೆ ಡಬಲ್ ಸ್ಟ್ಯಾಂಡ್ ಹಾಕಿ, ಅದೇ ಮಟ್ಟಕ್ಕೆ ಫುಲ್ ಮಾಡಿಸಿ. 414 ಕಿ.ಮೀ. ಓಡಿ 7.4 ಲೀಟರ್ ಹಿಡಿಸಿತು ಅನ್ನಿ. 414 ÷ 7.4 = ಸುಮಾರು 56. ತುಂಬೋ ಮಟ್ಟದಲ್ಲಿ 0.2 ಲೀಟರ್ ಆಚೀಚೆ ಆದರೂ ಲೆಕ್ಕ ಒಂದೂವರೆ ಕಿ.ಮೀ. ಅಷ್ಟೇ ತಪ್ಪುತ್ತೆ. ಅದೇ ಬರೀ 2 ಲೀಟರ್ ಹಾಕಿಸಿ ಲೆಕ್ಕ ಮಾಡಿದ್ರೆ, ಅಷ್ಟೇ ವ್ಯತ್ಯಾಸಕ್ಕೆ 56 ಇದ್ದದ್ದು 51 ಅಥವಾ 62 ಅಂತ ಕಾಣುತ್ತೆ. "ಈ ವಾರ ಆವರೇಜ್ ಬಿತ್ತು" ಅನ್ನೋ ದೂರು ಎಷ್ಟೋ ಸಲ ಹಿಂಗೇ ಹುಟ್ಟೋದು.

ಅಳತೆ ಸಿಕ್ಕ ಮೇಲೆ ಮೊದಲು ನೋಡಬೇಕಾದ್ದು ಹವಾ. ಹವಾ ಕಡಿಮೆ ಇದ್ರೆ ಟೈರ್ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ನೆಟ್ಟಗಾಗುತ್ತೆ. ಆ ಬಾಗುವಿಕೆಗೆ ಹೋದ ಶಕ್ತಿ ಶಾಖವಾಗಿ ಕಳೆದುಹೋಗುತ್ತೆ. 100 ಸಿಸಿ ಗಾಡಿಗಳಿಗೆ ಒಬ್ಬರೇ ಇದ್ದಾಗ ಸಾಮಾನ್ಯವಾಗಿ ಮುಂದೆ 25, ಹಿಂದೆ 28 ಪಿಎಸ್ಐ ಆಸುಪಾಸು ಇರುತ್ತೆ. ಹಿಂದೆ ಒಬ್ಬರು ಕೂತ್ರೆ ಹಿಂದಿನ ಟೈರ್‌ಗೆ ಇನ್ನೂ ಹೆಚ್ಚು ಬೇಕು. ನಿಮ್ಮ ಗಾಡಿಯ ನಿಜವಾದ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತೆ. ಮುಂಜಾನೆ ಟೈರ್ ತಣ್ಣಗಿದ್ದಾಗಲೇ ಚೆಕ್ ಮಾಡಿಸಿ, ಯಾಕಂದ್ರೆ ಓಡಿ ಬಿಸಿಯಾದ ಟೈರ್ ಹೆಚ್ಚು ತೋರಿಸುತ್ತೆ. ಆಗ ಹವಾ ಬಿಟ್ರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತೆ. ಹಂಗಂತ ಎರಡೂ ಟೈರ್‌ಗೆ 40 ಹೊಡೆಸಿದ್ರೆ ಲಾಭವಿಲ್ಲ; ನಡುವೆ ಮಾತ್ರ ಸವೀತದೆ, ಹಿಡಿತ ತಪ್ಪುತ್ತೆ. ಎರಡೂ ಅಂಚು ಸವೆದಿದ್ರೆ ಬಹಳ ದಿನ ಹವಾ ಕಡಿಮೆ ಇತ್ತು ಅಂತ ಅರ್ಥ.

ಎರಡನೇದು ಗೇರ್. ಕಬ್ಬಿನ ಹಂಗಾಮಿನಲ್ಲಿ ಟ್ರೇಲರ್ ಎಳೆಯೋ ಟ್ರ್ಯಾಕ್ಟರ್ ಹಿಂದೆ 20ರ ವೇಗದಲ್ಲಿ ಹೋಗೋದು ನಮಗೆಲ್ಲ ಗೊತ್ತು. ಆಗ "ಟಾಪ್ ಗೇರ್‌ನಲ್ಲಿದ್ರೆ ಪೆಟ್ರೋಲ್ ಉಳೀತದ" ಅಂತ ನಾಲ್ಕರಲ್ಲೇ ಇಡುವವರಿದ್ದಾರೆ. ಟಾಪ್ ಗೇರ್ ಉಳಿಸೋದು ನಿಜ, ಆದ್ರೆ ಇಂಜಿನ್ ಸಲೀಸಾಗಿ ಎಳೆಯುವಾಗ ಮಾತ್ರ. ಎಕ್ಸಲೇಟರ್ ತಿರುವಿದ್ರೂ ವೇಗ ಏರದೆ ಗಾಡಿ ನಡುಗಿದ್ರೆ, ಇಂಜಿನ್ ಒಳಗೆ ಕಟಕಟ ಅಂದ್ರೆ, ಒಂದು ಗೇರ್ ಇಳಿಸಿ. ರೋಡ್ ಖಾಲಿ ಸಿಕ್ಕಾಗ 40-50ರಲ್ಲಿ ಟಾಪ್ ಗೇರ್ ಸಾಕು. 40ರಿಂದ 60ಕ್ಕೆ ಹೋದ್ರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತೆ, ಯಾಕಂದ್ರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡೋ ಅಭ್ಯಾಸವೂ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಫ್ಯುಯಲ್ ಇಂಜೆಕ್ಷನ್ ಇದೆ. ಗೇರ್‌ನಲ್ಲಿಟ್ಟು ಎಕ್ಸಲೇಟರ್ ಪೂರ್ತಿ ಬಿಟ್ಟರೆ ಚಕ್ರವೇ ಇಂಜಿನ್ ತಿರುಗಿಸುತ್ತೆ, ಆಗ ಇಂಜೆಕ್ಟರ್ ಸಾಮಾನ್ಯವಾಗಿ ಪೆಟ್ರೋಲ್ ನಿಲ್ಲಿಸಿಬಿಡುತ್ತೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಬಂದ್ ಆಗಬಾರದು ಅಂತ ಪೆಟ್ರೋಲ್ ಹಾಕ್ತಾನೇ ಇರಬೇಕಾಗುತ್ತೆ. ಮೇಲಾಗಿ ಇಂಜಿನ್ ಬ್ರೇಕೂ ಕೈತಪ್ಪುತ್ತೆ.

ಕೊನೇದು ಏರ್ ಫಿಲ್ಟರ್. ಧೂಳಿನ ರೋಡ್‌ನಲ್ಲಿ ಓಡೋ ಗಾಡಿಗೆ ಇದು ಬೇಗ ಕಟ್ಟಿಕೊಳ್ಳುತ್ತೆ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಗಾಳಿ ಕಡಿಮೆಯಾದ್ರೂ ಪೆಟ್ರೋಲ್ ಅದಕ್ಕೆ ತಕ್ಕಂತೆ ಕಡಿಮೆಯಾಗಲ್ಲ. ಕಪ್ಪು ಹೊಗೆ, ಪ್ಲಗ್ ಮೇಲೆ ಒಣ ಮಸಿ ಅದರ ಗುರುತು. ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ಪೆಟ್ರೋಲನ್ನೂ ಇಳಿಸುತ್ತೆ, ಹಂಗಾಗಿ ಅಲ್ಲಿ ಮೊದಲು ಕಾಣೋದು ಎಳೆತ ಕಡಿಮೆಯಾಗೋದು. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ ಕಾರುಗಳ ಮೇಲೆ ಮಾಡಿದ ಪರೀಕ್ಷೆಯಲ್ಲೂ ಇದೇ ಕಂಡಿತ್ತು: ಫಿಲ್ಟರ್ ಕಟ್ಟಿದ್ರೂ ಇಂಜೆಕ್ಷನ್ ಕಾರುಗಳ ಮೈಲೇಜ್ ಹೆಚ್ಚುಕಡಿಮೆ ಹಂಗೇ ಇತ್ತು, ಹಳೇ ಕಾರ್ಬುರೇಟರ್ ಕಾರಿನಲ್ಲಿ ಶೇ. 2ರಿಂದ 6ರಷ್ಟು ಇಳಿಯಿತು.

ಹಾಗಾದ್ರೆ ಇಂಜೆಕ್ಷನ್ ಗಾಡಿಗೆ ಫಿಲ್ಟರ್ ಬೇಡವೇ? ಬೇಕು, ಧೂಳು ಒಳಗೆ ಹೋದ್ರೆ ಪಿಸ್ಟನ್ ರಿಂಗ್ ಸವೀತದೆ. ಫೋಮ್ ಫಿಲ್ಟರ್ ಆದ್ರೆ ತೊಳೆದು, ಪೂರ್ತಿ ಒಣಗಿಸಿ, ಆಯಿಲ್ ಹಚ್ಚಿ ಹಿಂಡಿ ಕೂರಿಸಬಹುದು. ಈಗಿನ ಬಹಳ ಗಾಡಿಗಳಲ್ಲಿ ಇರೋದು ಆಯಿಲ್ ಹಚ್ಚಿದ ಪೇಪರ್ ಫಿಲ್ಟರ್. ಅದನ್ನ ತೊಳೆಯೋದಾಗಲಿ, ಹವಾ ಹೊಡೆಯೋದಾಗಲಿ ಮಾಡಬಾರದು. ಸಮಯಕ್ಕೆ ಸರಿಯಾಗಿ ಬದಲಿಸಬೇಕು. ಧೂಳಿನ ದಾರಿಯವರು ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಮೊದಲೇ ಬದಲಿಸಬೇಕು.

ಎಲ್ಲಾ ಒಂದೇ ದಿನ ಮಾಡಬೇಡಿ. ಒಂದು ಟ್ಯಾಂಕ್‌ಗೆ ಒಂದೇ ಬದಲಾವಣೆ. ಹವಾ ಸರಿ ಮಾಡಿದ ಮೇಲೆ 437 ಕಿ.ಮೀ.ಗೆ 7.1 ಲೀಟರ್ ಹಿಡಿಸಿದ್ರೆ 61.5 ಬಂತು ಅಂತ ಲೆಕ್ಕ. ಒಂದೂವರೆ ಕಿ.ಮೀ. ದಾಟಿದ ಇಂಥ ವ್ಯತ್ಯಾಸವನ್ನ ನಂಬಬಹುದು, ಅದೂ ದಾರಿ ಮತ್ತು ಹೊರೆ ಎರಡೂ ಸಲ ಒಂದೇ ಇದ್ರೆ. 56 ಇದ್ದದ್ದು 57 ಆದ್ರೆ ಇನ್ನೊಂದು ಟ್ಯಾಂಕ್ ಓಡಿಸಿ ನೋಡಿ.