ಬೆಂಬಲ ಬೆಲೆಯೂ ರಾಗಿಯ ಧಾರಣೆಯೂ

ಬಿತ್ತನೆಯ ಕಾಲದಲ್ಲಿಯೇ ಸರ್ಕಾರದವರು ಒಂದು ಧಾನ್ಯಕ್ಕೆ ದರವನ್ನು ಗೊತ್ತುಮಾಡಿ, ಪೇಟೆಯ ಧಾರಣೆಯು ಅದಕ್ಕಿಂತ ಇಳಿದರೆ ತಾವೇ ಆ ದರದಲ್ಲಿ ಕೊಳ್ಳುವೆವೆಂದು ಪ್ರಕಟಿಸುವುದಕ್ಕೆ ಕನಿಷ್ಠ ಬೆಂಬಲ ಬೆಲೆಯೆಂದು ಹೆಸರು.

2024-25ನೇ ಸಾಲಿನಲ್ಲಿ ರಾಗಿಗೆ ಈ ಬೆಲೆಯು ಕ್ವಿಂಟಾಲಿಗೆ 4,290 ರೂಪಾಯಿ ಇದ್ದಿತು. ಸುಗ್ಗಿಯಲ್ಲಿ ಎಲ್ಲರ ರಾಗಿಯೂ ಒಮ್ಮೆಗೇ ಪೇಟೆಗೆ ಬಂದು ಧಾರಣೆಯು 3,500 ರೂಪಾಯಿಗೆ ಇಳಿಯಿತೆಂದು ಭಾವಿಸೋಣ. ಹತ್ತು ಕ್ವಿಂಟಾಲುಳ್ಳ ರೈತನಿಗೆ ವರ್ತಕರಿಂದ 35,000 ರೂಪಾಯಿಯೂ, ಸರ್ಕಾರದ ಖರೀದಿ ಕೇಂದ್ರದಿಂದ 42,900 ರೂಪಾಯಿಯೂ ದೊರೆಯುವುದು. ವ್ಯತ್ಯಾಸವು 7,900 ರೂಪಾಯಿ. ಕೇಂದ್ರದವರು ಸಾಕಷ್ಟು ರಾಗಿಯನ್ನು ಕೊಂಡಲ್ಲಿ ಪೇಟೆಗೆ ಬರುವ ಮಾಲು ಕಡಮೆಯಾಗಿ, ವರ್ತಕರೂ ದರವನ್ನು ಏರಿಸಬೇಕಾಗುವುದು. ಕೊಳ್ಳದಿದ್ದಲ್ಲಿ ಈ ಬೆಲೆಯು ಕಾಗದದ ಮೇಲೆಯೇ ಉಳಿಯುವುದು. ಏಕೆಂದರೆ ವರ್ತಕರೂ ಅದನ್ನೇ ಕೊಡತಕ್ಕದ್ದೆಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನಿಲ್ಲ.

ಕೇಂದ್ರವನ್ನು ತೆರೆಯುವುದು ತಡವಾದರೆ, ಸಾಲದ ಒತ್ತಾಯವುಳ್ಳವರು ಕಣದಲ್ಲಿಯೇ ಮಾರಿಬಿಡುವರು. ಆ ಮೇಲೆ ಏರಿದ ಧಾರಣೆಯ ಲಾಭವು ದಾಸ್ತಾನು ಮಾಡಿದವರಿಗೆ ಸೇರುವುದು. ಹೆಸರನ್ನು ನೋಂದಾಯಿಸದವರಿಂದ ಕೇಂದ್ರದವರು ಕೊಳ್ಳುವುದಿಲ್ಲ; ತೇವಾಂಶವು ನೂರಕ್ಕೆ 12ನ್ನು ಮೀರಿದ ರಾಗಿಯನ್ನೂ ಹಿಂದಿರುಗಿಸುವರು. ಆದುದರಿಂದ ರೈತರು ನೋಂದಣಿಯನ್ನು ಮೊದಲೇ ಮುಗಿಸಿ, ರಾಗಿಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ತೂರಿ ಶುದ್ಧಮಾಡಿ ಒಯ್ಯತಕ್ಕದ್ದು.