ಮುಂಗಡ ಎಷ್ಟು, ತಿದ್ದುಪಡಿ ಎಷ್ಟು ಸಲ?

ಫ್ರೀಲ್ಯಾನ್ಸ್ ವಿನ್ಯಾಸಕರೊಬ್ಬರು ಹೊಸ ಬೇಕರಿಯೊಂದಕ್ಕೆ 40,000 ರೂಪಾಯಿಗೆ ಲೋಗೋ ಮಾಡಿಕೊಡಲು ಒಪ್ಪಿದ್ದಾರೆ ಎಂದುಕೊಳ್ಳೋಣ. ಕೆಲಸಕ್ಕೆ ಕೈಹಚ್ಚುವ ಮೊದಲು ಕಳಿಸುವ ಈಮೇಲ್‌ನಲ್ಲಿ ಮುಂಗಡದ ಸಾಲು ಹೀಗಿರಬಹುದು: “ಅರ್ಧ ಮೊತ್ತ, ಅಂದರೆ 20,000 ರೂಪಾಯಿ, ಖಾತೆಗೆ ಬಂದ ಹತ್ತು ದಿನಕ್ಕೆ ಮೊದಲ ಕರಡು ಕಳಿಸುತ್ತೇನೆ.” ಗಡುವನ್ನು ಹೀಗೆ ಮುಂಗಡಕ್ಕೆ ಕಟ್ಟಿದರೆ, ಹಣ ತಡವಾದಾಗ ದಿನಾಂಕವೂ ತಾನಾಗಿ ಮುಂದೆ ಹೋಗುತ್ತದೆ.

ಹೆಚ್ಚಿನ ತಕರಾರು ಹುಟ್ಟುವುದು ತಿದ್ದುಪಡಿಯಲ್ಲಿ. “ಎರಡು ತಿದ್ದುಪಡಿ” ಎಂದಷ್ಟೇ ಬರೆದರೆ ಸಾಲದು. ಸೋಮವಾರ ಮಾಲೀಕರು ಬಣ್ಣ ಬದಲಿಸಲು ಹೇಳಿ, ಬುಧವಾರ ಅವರ ಪಾಲುದಾರರು ಅಕ್ಷರ ದೊಡ್ಡದಾಗಲಿ ಎಂದರೆ ಅದು ಒಂದೋ, ಎರಡೋ? ಎಲ್ಲರ ಸಲಹೆಗಳನ್ನು ಒಬ್ಬರೇ ಒಟ್ಟುಗೂಡಿಸಿ ಕಳಿಸುವ ಒಂದು ಪಟ್ಟಿಯೇ ಒಂದು ಸುತ್ತು, ಮೂರನೆಯ ಸುತ್ತಿನಿಂದ ತಲಾ 3,000 ರೂಪಾಯಿ ಎಂದು ಬಿಡಿಸಿ ಬರೆಯಬೇಕು. ಒಪ್ಪಿದ ಕಲ್ಪನೆಯನ್ನೇ ಕೈಬಿಟ್ಟು ಬೇರೆಯದನ್ನು ಕೇಳಿದರೆ ಅದು ಹೊಸ ಕೆಲಸ, ಅದಕ್ಕೆ ಹೊಸ ದರ.

ಬಾಕಿ ಹಣ ಬಂದ ಮೇಲಷ್ಟೇ ಮೂಲ ಫೈಲ್. ಅಲ್ಲಿಯವರೆಗೆ ವಾಟರ್‌ಮಾರ್ಕ್ ಇರುವ ಚಿತ್ರ ಸಾಕು. ಉದ್ಯಮ್ ನೋಂದಣಿ ಮಾಡಿಸಿದವರು, 2006ರ ಎಂಎಸ್‌ಎಂಇ ಕಾಯ್ದೆಯಂತೆ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ ಎಂಬುದನ್ನೂ ಸೇರಿಸಬಹುದು. “ಒಪ್ಪಿಗೆ” ಎಂದು ಗ್ರಾಹಕರಿಂದ ಲಿಖಿತ ಉತ್ತರ ಬಂದ ಮೇಲೆಯೇ ಕೆಲಸ ಶುರು.